ಕಲಿಸಿದವಳಿಗೆ 11, ಒಪ್ಪಿಸಿದವನಿಗೆ 19: ಒಂದು ಓಸ್ಕಿ ಸ್ಟೇಷನ್ ತಿದ್ದಿದ ಪ್ರಕರಣ

ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಮುಗಿದ ಮೂರನೇ ದಿನ ಒಬ್ಬ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದಳು. ಅದರಲ್ಲಿ ವಿದ್ಯಾರ್ಥಿಗಳು ಒಂದೊಂದು ಸ್ಟೇಷನ್‌ಗೆ ಹೋಗಿ, ಅಲ್ಲಿಗೆ ಕೊಟ್ಟ ಒಂದು ಕೆಲಸವನ್ನು ಪರೀಕ್ಷಕರ ಎದುರು ಮಾಡಬೇಕು. ಇನ್‌ಹೇಲರ್ ಸ್ಟೇಷನ್‌ನಲ್ಲಿ ಅವಳಿಗೆ 24ಕ್ಕೆ 11 ಬಂದಿತ್ತು. ಪಾಸಾಗಲು 12 ಬೇಕಿತ್ತು. "ಸರ್, ಕೊನೆಗೆ ಆ ರೋಗಿ ಸರಿಯಾಗಿ ತಗೊಂಡು ತೋರಿಸಿದ್ರು. ಮತ್ತೆ ನಾನು ಫೇಲ್ ಹೇಗೆ?" ಅಂತ ಕೇಳಿದಳು. ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಅವಳ ಅಂಕದ ಹಾಳೆ ತರಿಸಿ ನೋಡಿದೆ. ಟಿಕ್‌ಗಳ ಪಕ್ಕದಲ್ಲಿ, ಅಂಚಿನಲ್ಲಿ, ಪರೀಕ್ಷಕರು ಪೆನ್ಸಿಲ್‌ನಲ್ಲಿ ಬರೆದಿದ್ದರು: "ಚೆನ್ನಾಗಿ ಕಲಿಸಿದಳು." ಅದೇ ಹಾಳೆಯ ಕೆಳಗೆ 11.

ಒಂದೇ ಕೈ ಬರೆದ ಎರಡು ತೀರ್ಪು. ಒಂದು ಪರೀಕ್ಷಕರದ್ದು, ಇನ್ನೊಂದು ನಾವು ಅವರ ಕೈಗೆ ಕೊಟ್ಟ ಚೆಕ್‌ಲಿಸ್ಟ್‌ನದ್ದು. ಇವೆರಡೂ ಯಾಕೆ ಬೇರೆಯಾದವು ಅಂತ ಹುಡುಕಲು ಹೊರಟು, ಕೊನೆಗೆ ಆ ಸ್ಟೇಷನ್ನನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು. ನಿಮ್ಮಲ್ಲೂ ಯಾರಾದರೂ ಸ್ಟೇಷನ್ ಬರೆಯುವ ಕೆಲಸದಲ್ಲಿದ್ದರೆ ಉಪಯೋಗವಾಗಲಿ ಅಂತ ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹಳೆಯ ಸ್ಟೇಷನ್ ಹೇಗಿತ್ತು

ಓಸ್ಕಿ ಅಂದರೆ ಆಬ್ಜೆಕ್ಟಿವ್ ಸ್ಟ್ರಕ್ಚರ್ಡ್ ಕ್ಲಿನಿಕಲ್ ಎಕ್ಸಾಮಿನೇಷನ್. 1975ರಲ್ಲಿ ಸ್ಕಾಟ್ಲೆಂಡ್‌ನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಗಾರರು ಇದನ್ನು ಮೊದಲು ವಿವರಿಸಿದರು. ಎಲ್ಲ ವಿದ್ಯಾರ್ಥಿಗಳೂ ಒಂದೇ ಬಗೆಯ ರೋಗಿಯನ್ನು, ಒಂದೇ ಕೆಲಸವನ್ನು, ಅಷ್ಟೇ ಅವಧಿಯಲ್ಲಿ ಎದುರಿಸಬೇಕು, ಅಂಕ ಕೊಡುವ ಹಾಳೆಯೂ ಒಂದೇ ಇರಬೇಕು ಅನ್ನುವುದು ಅದರ ಮೂಲ ವಿಚಾರ. ಯಾರಿಗೆ ಯಾವ ರೋಗಿ ಸಿಕ್ಕಿದ, ಯಾವ ಪರೀಕ್ಷಕ ಸಿಕ್ಕಿದ ಅನ್ನುವ ಅದೃಷ್ಟದ ಆಟ ಕಡಿಮೆಯಾಗಲಿ ಅಂತ.

ನಮ್ಮದು ಹತ್ತು ಸ್ಟೇಷನ್‌ಗಳ ಪರೀಕ್ಷೆ, 96 ವಿದ್ಯಾರ್ಥಿಗಳು. ಅವೇ ಸ್ಟೇಷನ್‌ಗಳ ಎರಡು ಸುತ್ತು, ಅರ್ಧ ಜನ ಒಂದು ಸುತ್ತಿನಲ್ಲಿ, ಇನ್ನರ್ಧ ಪಕ್ಕದ ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಬೇರೆ ಪರೀಕ್ಷಕರು. ಇನ್‌ಹೇಲರ್ ಸ್ಟೇಷನ್‌ನಲ್ಲಿ ಒಬ್ಬ ಮಹಿಳೆ ಅಸ್ತಮಾ ರೋಗಿಯ ಪಾತ್ರ ಮಾಡುತ್ತಿದ್ದರು. ಬಾಗಿಲ ಮೇಲಿನ ಸೂಚನೆ ಒಂದೇ ಸಾಲು: "ಈ ರೋಗಿಗೆ ಇನ್‌ಹೇಲರ್ ಬಗ್ಗೆ ತಿಳಿಸಿ." ಸಮಯ ಐದು ನಿಮಿಷ. ಚೆಕ್‌ಲಿಸ್ಟ್‌ನಲ್ಲಿ 24 ಅಂಶ, ಪ್ರತಿಯೊಂದಕ್ಕೂ ಒಂದು ಅಂಕ, ಮಾಡಿದರೆ ಟಿಕ್, ಇಲ್ಲದಿದ್ದರೆ ಸೊನ್ನೆ.

ಐದು ನಿಮಿಷವನ್ನು 24ರಿಂದ ಭಾಗಿಸಿ ನೋಡಿ. ಒಂದು ಅಂಶಕ್ಕೆ ಹನ್ನೆರಡೂವರೆ ಸೆಕೆಂಡ್. ಅಷ್ಟರಲ್ಲಿ ರೋಗಿಗೆ ಮಾತಾಡಲು ಜಾಗವೇ ಇಲ್ಲ. ಬಾಯಿಪಾಠ ಮಾಡಿಕೊಂಡು ಬಂದವರು ಸರಸರ ಒಪ್ಪಿಸಿ ಅಂಕ ಬಾಚಿಕೊಂಡರು. ದೂರು ತಂದ ವಿದ್ಯಾರ್ಥಿನಿ ಮಾಡಿದ್ದೇ ಬೇರೆ. "ನೀವು ಹೇಗೆ ತಗೋತೀರಿ, ಒಮ್ಮೆ ತೋರಿಸಿ" ಅಂತ ಮೊದಲು ರೋಗಿಯನ್ನೇ ಕೇಳಿದಳು. ತಪ್ಪು ಗುರುತಿಸಿದಳು, ತಾನು ಮಾಡಿ ತೋರಿಸಿದಳು, ಮತ್ತೆ ಅವರಿಂದ ಮಾಡಿಸಿದಳು. ಇಷ್ಟಕ್ಕೇ ಎರಡೂವರೆ ನಿಮಿಷ ಹೋಯಿತು. ವಾರ್ಡ್‌ನಲ್ಲಿ ನಾವು ಮಾಡಬೇಕಾದದ್ದು ಇದೇ ಅಲ್ವಾ? ಆದರೆ ಚೆಕ್‌ಲಿಸ್ಟ್‌ನಲ್ಲಿ ಇದಕ್ಕೆಲ್ಲ ಸೇರಿ ಇದ್ದದ್ದು ಎರಡು ಟಿಕ್.

ಅದೇ ದಿನ 19 ಅಂಕ ಪಡೆದ ಒಬ್ಬ ಹುಡುಗನ ಬಗ್ಗೆ ರೋಗಿಯ ಪಾತ್ರ ಮಾಡಿದ ಮಹಿಳೆಯನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಪಾಪ, ಚೆನ್ನಾಗೇ ಮಾತಾಡಿದ. ಆದ್ರೆ ಯಾವಾಗ ಒತ್ತಬೇಕು ಅಂತ ನನಗೆ ಕೊನೆಗೂ ಗೊತ್ತಾಗ್ಲಿಲ್ಲ."

ಇದು ನಮ್ಮಲ್ಲಿ ಮಾತ್ರ ಆದ ಎಡವಟ್ಟಲ್ಲ. 1999ರಲ್ಲಿ ಕೆನಡಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು, ರೆಸಿಡೆಂಟ್‌ಗಳು ಮತ್ತು ಅನುಭವಿ ವೈದ್ಯರನ್ನು ಒಂದೇ ಬಗೆಯ ಸ್ಟೇಷನ್‌ಗಳಿಗೆ ಕೂರಿಸಿದ್ದರು. ಚೆಕ್‌ಲಿಸ್ಟ್‌ನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವರು ಅನುಭವಿ ವೈದ್ಯರೇ. ಒಟ್ಟಾರೆ ಹೇಗಿತ್ತು ಅಂತ ಪರೀಕ್ಷಕರು ಕೊಟ್ಟ ಶ್ರೇಣಿಯಲ್ಲಿ ಮಾತ್ರ ಅವರೇ ಮುಂದಿದ್ದರು. ತಿಳಿದವರು ಬೇಕಾದದ್ದನ್ನು ಮಾತ್ರ ಮಾಡುತ್ತಾರೆ. ಉದ್ದ ಪಟ್ಟಿ ಅವರ ಆ ಗುಣಕ್ಕೇ ಅಂಕ ಕಳೆಯುತ್ತದೆ.

ಪಟ್ಟಿಯಲ್ಲಿ ಎಲ್ಲಿ ತಪ್ಪಿತ್ತು

ಮೊದಲು ಎರಡು ಸುತ್ತುಗಳ ಸರಾಸರಿ ನೋಡಿದೆವು. ಒಂದರಲ್ಲಿ 17, ಇನ್ನೊಂದರಲ್ಲಿ 14. ಉಳಿದ ಸ್ಟೇಷನ್‌ಗಳಲ್ಲಿ ಎರಡೂ ಗುಂಪು ಸರಿಸಮವಾಗಿದ್ದವು. ಹಾಗಾದರೆ ವ್ಯತ್ಯಾಸ ವಿದ್ಯಾರ್ಥಿಗಳದ್ದಲ್ಲ. ಇಬ್ಬರು ಪರೀಕ್ಷಕರ ಮೇಲೆ ಅನುಮಾನ ಬಂತು. ಅವರಲ್ಲಿ ಒಬ್ಬರು ಬಿಗಿ, ಒಬ್ಬರು ಸಡಿಲ ಅಂತ ಅಲ್ಲಿಗೇ ಕೈ ತೊಳೆದುಕೊಳ್ಳಬಹುದಿತ್ತು. ಸಾಮಾನ್ಯವಾಗಿ ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ.

ನಾವು ಮೂವರು ಇಂಟರ್ನ್‌ಗಳಿಂದ ಅದೇ ಸ್ಟೇಷನ್ ಮಾಡಿಸಿ ವೀಡಿಯೊ ತೆಗೆದೆವು. ಇಬ್ಬರೂ ಪರೀಕ್ಷಕರು ಬೇರೆ ಬೇರೆ ಕೂತು ಹಳೆಯ ಹಾಳೆಯಲ್ಲೇ ಅಂಕ ಕೊಟ್ಟರು. ಒಟ್ಟು 72 ತೀರ್ಮಾನ. ಅದರಲ್ಲಿ 17 ಕಡೆ ಇಬ್ಬರದ್ದೂ ಬೇರೆ ಬೇರೆ. ಆ 17ರಲ್ಲಿ 14 ಬಂದದ್ದು ಬರೀ ಐದು ಅಂಶಗಳಿಂದ. ಅಂದರೆ ಎಡವಟ್ಟು ಮುಖ್ಯವಾಗಿ ಇದ್ದದ್ದು ಆ ಐದು ವಾಕ್ಯಗಳಲ್ಲಿ, ಪರೀಕ್ಷಕರ ಸ್ವಭಾವದಲ್ಲಲ್ಲ.

ಅದರಲ್ಲಿ ಒಂದನ್ನು ಹಾಗೆಯೇ ಕೊಡುತ್ತೇನೆ. "ಪರಿಚಯ ಮಾಡಿಕೊಂಡು, ಒಪ್ಪಿಗೆ ಪಡೆದು, ಸೌಜನ್ಯದಿಂದ ಮಾತನಾಡಿದರು." ಒಂದು ಟಿಕ್, ಮೂರು ಕೆಲಸ. ಹೆಸರು ಹೇಳಿ ಒಪ್ಪಿಗೆ ಕೇಳದವರಿಗೆ ಒಬ್ಬರು ಅಂಕ ಕೊಟ್ಟರು, ಇನ್ನೊಬ್ಬರು ಕೊಡಲಿಲ್ಲ. ಇಬ್ಬರೂ ತಪ್ಪಲ್ಲ. ಇನ್ನೊಂದು: "ಇನ್‌ಹೇಲರ್ ಬಳಸುವ ವಿಧಾನ ಸರಿಯಾಗಿ ವಿವರಿಸಿದರು." ಈ 'ಸರಿಯಾಗಿ' ಅನ್ನುವ ಪದದ ಒಳಗೆ ಏಳೆಂಟು ಹಂತಗಳು ಅಡಗಿವೆ. ಎಷ್ಟು ಹೇಳಿದರೆ ಸರಿ, ಯಾವುದು ಬಿಟ್ಟರೆ ತಪ್ಪು ಅಂತ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಪರೀಕ್ಷಕರು ತಮ್ಮ ತಮ್ಮ ಮನಸ್ಸಿನ ಗೆರೆ ಎಳೆದುಕೊಂಡಿದ್ದರು.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು 19ನೇ ಅಂಶ. "ಔಷಧಿ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಲು ಹೇಳಿದರು." ಇದರಲ್ಲಿ ಇಬ್ಬರು ಪರೀಕ್ಷಕರಿಗೂ ಒಮ್ಮತ ಇತ್ತು, ಹಾಗಾಗಿ ಮೊದಲು ಕಣ್ಣಿಗೆ ಬೀಳಲಿಲ್ಲ. ಆಮೇಲೆ ಹತ್ತೂ ಸ್ಟೇಷನ್‌ಗಳ ಒಟ್ಟು ಅಂಕದಲ್ಲಿ ಮೊದಲ 24 ಸ್ಥಾನದವರನ್ನೂ ಕೊನೆಯ 24 ಸ್ಥಾನದವರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಂಶ ನೋಡಿದೆವು. ಒಳ್ಳೆಯ ಅಂಶ ಆದರೆ ಮೇಲಿನವರಿಗೆ ಜಾಸ್ತಿ ಟಿಕ್ ಇರಬೇಕು. 19ನೇ ಅಂಶದಲ್ಲಿ ಮೇಲಿನ 24ರಲ್ಲಿ 9 ಜನಕ್ಕೆ, ಕೆಳಗಿನ 24ರಲ್ಲಿ 17 ಜನಕ್ಕೆ ಟಿಕ್. ತಲೆಕೆಳಗು!

ಕಾರಣ ಮೇಜಿನ ಮೇಲೇ ಇತ್ತು. ಅಲ್ಲಿ ಇಟ್ಟಿದ್ದದ್ದು ಸಾಲ್ಬುಟಮಾಲ್ ಇನ್‌ಹೇಲರ್. ಬಾಯಿ ಮುಕ್ಕಳಿಸಬೇಕಾದದ್ದು ಸ್ಟೀರಾಯ್ಡ್ ಇರುವ ಇನ್‌ಹೇಲರ್ ತೆಗೆದುಕೊಂಡಾಗ. ಬಾಯಲ್ಲಿ ಉಳಿದ ಸ್ಟೀರಾಯ್ಡ್‌ನಿಂದ ಬಾಯಿಹುಣ್ಣಿನಂಥ ಶಿಲೀಂಧ್ರ ಸೋಂಕು ಬರಬಾರದು, ದನಿ ಕಟ್ಟಬಾರದು ಅಂತ. ಹಿಂದೆ ಯಾವತ್ತೋ ಸ್ಟೀರಾಯ್ಡ್ ಇನ್‌ಹೇಲರ್‌ಗೆ ಬರೆದ ಪಟ್ಟಿಯನ್ನು ಇಲ್ಲಿಗೆ ನಕಲು ಮಾಡಿದ್ದೆವು. ಡಬ್ಬಿಯ ಮೇಲಿನ ಹೆಸರು ಓದಿ, ಇದಕ್ಕೆ ಮುಕ್ಕಳಿಸುವುದು ಬೇಕಿಲ್ಲ ಅಂತ ಸರಿಯಾಗಿ ಬಿಟ್ಟ ವಿದ್ಯಾರ್ಥಿಗಳಿಗೆ ನಾವೇ ಅಂಕ ಕಳೆದಿದ್ದೆವು. ಇಬ್ಬರು ಪರೀಕ್ಷಕರು ಒಪ್ಪಿದರು ಅಂದ ಮಾತ್ರಕ್ಕೆ ಅಂಶ ಸರಿ ಇದೆ ಅಂತಲ್ಲ. ತಪ್ಪು ಉತ್ತರಕ್ಕೂ ಒಮ್ಮತ ಬರುತ್ತದೆ.

ಆ ವರ್ಷದ ಫಲಿತಾಂಶದಲ್ಲಿ 19ನೇ ಅಂಶವನ್ನು ಎಲ್ಲರಿಗೂ ತೆಗೆದು, 23ಕ್ಕೆ ಲೆಕ್ಕ ಹಾಕಿ ಮರುಪ್ರಕಟಿಸಿದೆವು. ಆ ವಿದ್ಯಾರ್ಥಿನಿಯೂ ಮುಕ್ಕಳಿಸಲು ಹೇಳಿರಲಿಲ್ಲ. ಅಂಕ 11 ಹಾಗೇ ಉಳಿಯಿತು, ಪಾಸಿನ ಗೆರೆ ಹನ್ನೊಂದೂವರೆಗೆ ಇಳಿಯಿತು. ಇನ್ನೂ ಅರ್ಧ ಅಂಕ ಸಾಲದು. ಬೇರೆ ಒಂಬತ್ತು ಸ್ಟೇಷನ್‌ಗಳಲ್ಲಿ ಅವಳು ಚೆನ್ನಾಗಿ ಮಾಡಿದ್ದರಿಂದ ಒಟ್ಟು ಪರೀಕ್ಷೆಯಲ್ಲಿ ಪಾಸಾದಳು. ಆದರೂ ಅವಳ ಪ್ರಶ್ನೆಗೆ ಇದು ಉತ್ತರ ಆಗಲಿಲ್ಲ ಅಂತ ನನಗೆ ಗೊತ್ತಿತ್ತು.

ಹೊಸ ಸ್ಟೇಷನ್: ಮೊದಲು ಕೆಲಸ, ಆಮೇಲೆ ಪಟ್ಟಿ

ಹಳೆಯ ಪಟ್ಟಿಯನ್ನು ತಿದ್ದುತ್ತಾ ಕೂರದೆ, ಒಂದು ಪ್ರಶ್ನೆಯಿಂದ ಶುರು ಮಾಡಿದೆವು. ವಿದ್ಯಾರ್ಥಿ ಹೊರಗೆ ಹೋಗುವಾಗ ಆ ಕೋಣೆಯಲ್ಲಿ ಏನು ಬದಲಾಗಿರಬೇಕು? ಉತ್ತರ ಸರಳ. ರೋಗಿಯ ತಪ್ಪು ಗೊತ್ತಾಗಿರಬೇಕು, ಮತ್ತು ಅದು ತಿದ್ದಿರಬೇಕು.

ಹಾಗಾಗಿ ಕಥೆ ಬದಲಿಸಿದೆವು. ಈಗ ರೋಗಿ ಎರಡು ತಿಂಗಳಿಂದ ಸ್ಟೀರಾಯ್ಡ್ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದಾರೆ, ಆದರೂ ರಾತ್ರಿ ಕೆಮ್ಮು ನಿಂತಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಅಸ್ತಮಾ ನಿಭಾಯಿಸುವುದನ್ನು ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಗೀನಾ ಮಾರ್ಗಸೂಚಿ 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ಬೇಡ ಅನ್ನುತ್ತದೆ. ಹಳೆಯ ಕಥೆ ಆ ಲೆಕ್ಕದಲ್ಲೂ ಹಿಂದುಳಿದಿತ್ತು.

ಬಾಗಿಲ ಸೂಚನೆ ಹೀಗಾಯಿತು: "ಈ ರೋಗಿ ದಿನಕ್ಕೆರಡು ಬಾರಿ ಸ್ಟೀರಾಯ್ಡ್ ಇನ್‌ಹೇಲರ್ ಬಳಸುತ್ತಿದ್ದಾರೆ. ಕೆಮ್ಮು ಕಡಿಮೆಯಾಗಿಲ್ಲ. ಔಷಧಿಯ ಪ್ರಮಾಣ ಬದಲಿಸಬೇಕಿಲ್ಲ, ರೋಗದ ಚರಿತ್ರೆ ಕೇಳಬೇಕಿಲ್ಲ. ಅವರು ಇನ್‌ಹೇಲರ್ ಬಳಸುವ ರೀತಿಯನ್ನು ಪರಿಶೀಲಿಸಿ, ಬೇಕಾದದ್ದನ್ನು ಕಲಿಸಿ. ಸಮಯ 8 ನಿಮಿಷ." ಏನು ಬೇಡ ಅಂತ ಹೇಳುವುದು ಬಹಳ ಮುಖ್ಯ. ಹಳೆಯ ಸೂಚನೆಯಲ್ಲಿ ಅದು ಇಲ್ಲದ್ದರಿಂದ ಎಷ್ಟೋ ಜನ ಮೊದಲ ಎರಡು ನಿಮಿಷ ಧೂಳು, ಸಿಗರೇಟು, ಮನೆಯವರ ಕಾಯಿಲೆ ಅಂತ ಕೇಳುತ್ತಾ ಕಳೆದಿದ್ದರು. ಆ ಪ್ರಶ್ನೆಗಳಿಗೆ ಅಂಕವೇ ಇರಲಿಲ್ಲ.

ರೋಗಿಯ ಪಾತ್ರಕ್ಕೆ ಎರಡು ತಪ್ಪು ಕೊಟ್ಟೆವು. ಒಂದು, ಮೊದಲು ಒತ್ತಿ, ಆಮೇಲೆ ಉಸಿರು ಎಳೆಯುವುದು. ಎರಡು, ಎಳೆದ ಉಸಿರನ್ನು ಹಿಡಿಯದೆ ತಕ್ಷಣ ಬಿಡುವುದು. ಔಷಧಿ ಮುಗಿದ ಡಬ್ಬಿ ಇಟ್ಟೆವು, ಯಾಕೆಂದರೆ ದಿನವಿಡೀ ತುಂಬಿದ ಡಬ್ಬಿ ಎಳೆದುಕೊಳ್ಳಿ ಅಂತ ಯಾರಿಗೂ ಹೇಳಬಾರದು. ಖಾಲಿ ಡಬ್ಬಿಯಲ್ಲೂ 'ಟಿಕ್' ಅಂತ ಒತ್ತಿದ ಸದ್ದು ಕೇಳುತ್ತದೆ. ಟಿಕ್, ಒಂದು ಕ್ಷಣ ಮೌನ, ಆಮೇಲೆ ಉಸಿರಿನ ಸದ್ದು. ಕಿವಿಗೊಟ್ಟ ವಿದ್ಯಾರ್ಥಿಗೆ ಮೊದಲ ತಪ್ಪು ಅಲ್ಲೇ ಸಿಗುತ್ತದೆ. ರೋಗಿಗೂ ವಿದ್ಯಾರ್ಥಿಗೂ ಬೇರೆ ಬೇರೆ ಇನ್‌ಹೇಲರ್. ವಿದ್ಯಾರ್ಥಿ ತೋರಿಸುವಾಗ ಬಾಯಿಗೆ ಇಡುವಂತಿಲ್ಲ, ಹತ್ತಿರ ಹಿಡಿದು ತೋರಿಸಿದರೆ ಸಾಕು.

ಇಲ್ಲಿ ಒಂದು ಚರ್ಚೆ ಸುಮಾರು ಹೊತ್ತು ನಡೆಯಿತು. ಎರಡನೇ ಸಲ ಮಾಡುವಾಗ ರೋಗಿ ಸರಿ ಮಾಡಬೇಕೋ, ತಪ್ಪು ಮಾಡಬೇಕೋ? "ಚೆನ್ನಾಗಿ ಕಲಿಸಿದರೆ ಸರಿ ಮಾಡಿ" ಅಂತ ಹೇಳಿದರೆ, ಚೆನ್ನಾಗಿ ಕಲಿಸಿದರೋ ಇಲ್ಲವೋ ಅಂತ ಅಳೆಯುವ ಹೊಣೆ ನಟಿಯ ಮೇಲೆ ಬೀಳುತ್ತದೆ. ಅದು ಅವರಿಗೂ ಕಷ್ಟ, ವಿದ್ಯಾರ್ಥಿಗೂ ಅನ್ಯಾಯ. ಕೊನೆಗೆ ಎರಡು ಸಾಲಿನ ನಿಯಮ ಮಾಡಿದೆವು. ಉಸಿರು ಎಳೆಯಲು ಶುರು ಮಾಡಿದ ಹಾಗೇ ಒತ್ತಿ ಅಂತ ವಿದ್ಯಾರ್ಥಿ ಬಾಯಲ್ಲಿ ಹೇಳಿದರೆ ಅಥವಾ ಮಾಡಿ ತೋರಿಸಿದರೆ ಮೊದಲ ತಪ್ಪು ಬಿಡಬೇಕು, ಇಲ್ಲದಿದ್ದರೆ ಅದೇ ತಪ್ಪು ಮತ್ತೆ ಮಾಡಬೇಕು. ಉಸಿರು ಹಿಡಿಯುವ ವಿಷಯದಲ್ಲಿ ಮಾತ್ರ, ಎಷ್ಟೇ ಚೆನ್ನಾಗಿ ಕಲಿಸಿದ್ದರೂ ಎರಡನೇ ಸಲ ಮನಸ್ಸಿನಲ್ಲಿ ಮೂರು ಎಣಿಸಿ ಬಿಡಬೇಕು. ಹೀಗಾಗಿ ಎರಡನೇ ಸಲ ಮಾಡಿಸಿ ನೋಡಿದವರಿಗೆಲ್ಲ ಹಿಡಿಯಲು ಒಂದು ತಪ್ಪು ಸಿಕ್ಕೇ ಸಿಗುತ್ತದೆ. ನೋಡಿದವರು ಯಾರು, ಸುಮ್ನೆ "ವೆರಿ ಗುಡ್" ಅಂದವರು ಯಾರು ಅಂತ ಅಲ್ಲಿ ಗೊತ್ತಾಗುತ್ತದೆ.

ಹನ್ನೊಂದು ಅಂಶ, ಇಪ್ಪತ್ತು ಅಂಕ

24 ಅಂಶ 11ಕ್ಕೆ ಇಳಿಯಿತು. ಕೈ ತೊಳೆದರು ಅನ್ನುವುದು ಹೋಯಿತು. 96ರಲ್ಲಿ 96 ಜನಕ್ಕೂ ಅದಕ್ಕೆ ಟಿಕ್ ಇತ್ತು, ಅದನ್ನು ನಿಜವಾಗಿ ಪರೀಕ್ಷಿಸುವ ಬೇರೆ ಸ್ಟೇಷನ್ ಇದೆ. ಉಳಿದವುಗಳಿಗೆ ತೂಕ ಬೇರೆ ಬೇರೆ.

ಜಾಸ್ತಿ ತೂಕ ಎರಡಕ್ಕೆ. ಕಲಿಸುವ ಮೊದಲು ರೋಗಿಯಿಂದ ಮಾಡಿಸಿ ನೋಡಿದರೆ 3. ಕಲಿಸಿದ ಮೇಲೆ ಮತ್ತೆ ಮಾಡಿಸಿದರೆ 3. ಎರಡರಲ್ಲೂ ಮಧ್ಯದ ಅಂಕ ಇಲ್ಲ, ಮಾಡಿಸಿದರು ಅಥವಾ ಇಲ್ಲ. "ಗೊತ್ತಾಯ್ತಾ?" ಅಂತ ಕೇಳಿದರೆ ಅದು ಮಾಡಿಸಿದ ಹಾಗಲ್ಲ ಅಂತ ಹಾಳೆಯಲ್ಲೇ ಬರೆದೆವು.

ಎರಡು ತಪ್ಪುಗಳನ್ನು ಗುರುತಿಸಿ ಹೇಳಿದರೆ ತಲಾ 2. ಇಲ್ಲಿ ಮಧ್ಯದ ಅಂಕ ಬೇಕಾಯಿತು, ಅದಕ್ಕೆ ಗೆರೆ ಎಳೆದೆವು. ಉಸಿರಿನ ವಿಷಯಕ್ಕೆ: ಸುಮಾರು ಹತ್ತು ಸೆಕೆಂಡ್ ಅಥವಾ ಹತ್ತರವರೆಗೆ ಎಣಿಸಿ ಅಂದರೆ 2. ಬರೀ "ಸ್ವಲ್ಪ ಹೊತ್ತು ಹಿಡಿಯಿರಿ" ಅಂದರೆ 1. ಹೇಳದಿದ್ದರೆ 0. ಒತ್ತುವ ವಿಷಯಕ್ಕೆ: ಉಸಿರು ಎಳೆಯಲು ಶುರುವಾದ ಕ್ಷಣ ಅಂತ ಹೇಳಿದರೆ 2. "ಟೈಮಿಂಗ್ ಸರಿ ಇಲ್ಲ" ಅಂತ ನಿಲ್ಲಿಸಿದರೆ 1.

ತಾವೇ ಒತ್ತುವುದನ್ನೂ ಉಸಿರನ್ನೂ ಒಟ್ಟಿಗೆ ಮಾಡಿ ತೋರಿಸಿದರೆ 2. ಎರಡನೇ ಸಲ ಕಂಡದ್ದಕ್ಕೆ ತಕ್ಕ ಮಾತು ಹೇಳಿದರೆ 2. ರೋಗಿಯ ಚಿಂತೆ ಕೇಳಿ ಅದಕ್ಕೆ ಉತ್ತರ ಕೊಟ್ಟರೆ 2. ಹೆಸರು ಮತ್ತು ತಾವು ಯಾರು ಅಂತ ಹೇಳುವುದು, ಇನ್‌ಹೇಲರ್ ಬಾಯಿಗಿಡುವ ಮೊದಲು ಉಸಿರು ಪೂರ್ತಿ ಹೊರಬಿಡಿ ಅನ್ನುವುದು, ನಿಧಾನವಾಗಿ ಆಳವಾಗಿ ಎಳೆಯಿರಿ ಅನ್ನುವುದು, ಬಾಯಿ ಮುಕ್ಕಳಿಸಿ ಉಗಿಯಿರಿ ಅನ್ನುವುದು, ಇವಕ್ಕೆ ಒಂದೊಂದು. ಈಗ ಮೇಜಿನ ಮೇಲೆ ಸ್ಟೀರಾಯ್ಡ್ ಇದೆ, ಹಾಗಾಗಿ ಮುಕ್ಕಳಿಸುವುದಕ್ಕೆ ಅರ್ಥ ಬಂತು.

ಮೊದಲ ಕರಡಿನಲ್ಲಿ ಒಂದು ದೊಡ್ಡ ದೋಷ ಉಳಿದಿತ್ತು. ಮೊದಲು ಮಾಡಿಸಿ ನೋಡದವರಿಗೆ 3 ಹೋಗುತ್ತದೆ, ಸರಿ. ಆದರೆ ನೋಡದೇ ಇದ್ದರೆ ತಪ್ಪು ಗುರುತಿಸಲೂ ಆಗುವುದಿಲ್ಲ, ಅಲ್ಲಿ ಇನ್ನೂ 4 ಹೋಗುತ್ತದೆ. ಒಂದು ತಪ್ಪಿಗೆ ಎರಡೆರಡು ಸಲ ಶಿಕ್ಷೆ. ಹಾಗಾಗಿ ತಪ್ಪನ್ನು ಎಂಟು ನಿಮಿಷದೊಳಗೆ ಯಾವಾಗ ಗುರುತಿಸಿದರೂ, ಕೊನೆಯ ಸಲ ಮಾಡಿಸುವಾಗ ಗುರುತಿಸಿದರೂ, ಆ ಅಂಕ ಕೊಡಬೇಕು ಅಂತ ಸೇರಿಸಿದೆವು. ಪಟ್ಟಿ ಬರೆದವರು ಪ್ರತಿ ಅಂಶಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದು ತಪ್ಪಿದರೆ ಮುಂದೆ ಯಾವುದೆಲ್ಲ ತಾನಾಗಿ ತಪ್ಪುತ್ತದೆ?

ಇಂಟರ್ನ್‌ಗಳ ಮೇಲೆ ಪ್ರಯೋಗ ಮಾಡಿದಾಗ ಅವರಿಗೆ ಏಳರಿಂದ ಎಂಟು ನಿಮಿಷ ಹಿಡಿಯಿತು. ಎಂಟು ನಿಮಿಷ ಸಾಕು ಅಂತ ಅಲ್ಲಿ ಖಚಿತವಾಯಿತು.

ಪಾಸಿನ ಗೆರೆ

ಅರ್ಧಕ್ಕೆ ಪಾಸ್ ಅನ್ನುವ ನಿಯಮ ಬಿಟ್ಟೆವು. ಸ್ಟೇಷನ್ ಸುಲಭವೋ ಕಷ್ಟವೋ ಅದಕ್ಕೆ ಗೊತ್ತಿರುವುದಿಲ್ಲ. ಬದಲಿಗೆ ಪರೀಕ್ಷಕರು ಪ್ರತಿ ವಿದ್ಯಾರ್ಥಿಗೂ ಚೆಕ್‌ಲಿಸ್ಟ್ ಜೊತೆಗೆ ಒಂದು ಒಟ್ಟಾರೆ ಶ್ರೇಣಿ ಕೊಟ್ಟರು. 1 ಅಂದರೆ ಫೇಲ್, 2 ಅಂದರೆ ಗಡಿಯಲ್ಲಿ, 3 ಪಾಸ್, 4 ಚೆನ್ನಾಗಿದೆ, 5 ಅತ್ಯುತ್ತಮ. ಆಮೇಲೆ ಎಲ್ಲರ ಶ್ರೇಣಿ ಮತ್ತು ಅಂಕಗಳನ್ನು ಒಂದು ಗ್ರಾಫ್‌ನಲ್ಲಿ ಇಟ್ಟು, ನಡುವೆ ಹೊಂದುವ ನೇರ ಗೆರೆ ಎಳೆಯುವುದು. ಗಡಿಯಲ್ಲಿರುವ ವಿದ್ಯಾರ್ಥಿಗೆ ಆ ಗೆರೆ ಎಷ್ಟು ಅಂಕ ಹೇಳುತ್ತದೋ ಅದೇ ಪಾಸಿನ ಅಂಕ. ಇದನ್ನು ಬಾರ್ಡರ್‌ಲೈನ್ ರಿಗ್ರೆಶನ್ ಅನ್ನುತ್ತಾರೆ. ನಮ್ಮ ಗೆರೆ ಹೀಗೆ ಬಂತು:

```
ಅಂಕ = 5.0 + 2.9 × ಶ್ರೇಣಿ
```

ಶ್ರೇಣಿ 2 ಹಾಕಿದರೆ 10.8. ಅಂಕಗಳು ಪೂರ್ಣ ಸಂಖ್ಯೆಯಾದ್ದರಿಂದ 20ಕ್ಕೆ 11 ಬಂದವರು ಪಾಸ್.

ಇದರಲ್ಲಿ ಎಡವುವ ಜಾಗ ಒಂದಿದೆ. ಪರೀಕ್ಷಕರು ಮೊದಲು ಚೆಕ್‌ಲಿಸ್ಟ್ ಅಂಕ ಕೂಡಿಸಿ, ಆ ಮೊತ್ತ ನೋಡಿಕೊಂಡು ಶ್ರೇಣಿ ಕೊಟ್ಟರೆ ಎರಡೂ ಒಂದೇ ಆಗಿಬಿಡುತ್ತದೆ. ಆಗ ಗೆರೆ ಬಹಳ ಚೆಂದ ಹೊಂದುತ್ತದೆ, ಆದರೆ ಹೊಸದೇನನ್ನೂ ಹೇಳುವುದಿಲ್ಲ. ಅದಕ್ಕೇ ಗಂಟೆ ಬಾರಿಸಿದ ಕೂಡಲೇ ಶ್ರೇಣಿಗೆ ಸುತ್ತು ಹಾಕಬೇಕು, ಕೂಡಿಸುವ ಕೆಲಸ ಆಮೇಲೆ ಕಚೇರಿಯವರದ್ದು ಅಂತ ಮಾಡಿದೆವು. ವಿದ್ಯಾರ್ಥಿಗಳು ತೀರಾ ಕಡಿಮೆ ಇದ್ದರೆ ಈ ವಿಧಾನ ನಂಬುವ ಹಾಗಿಲ್ಲ. ಒಬ್ಬಿಬ್ಬರ ಅಂಕವೇ ಗೆರೆಯನ್ನು ಆಚೀಚೆ ಎಳೆದುಬಿಡುತ್ತದೆ.

ಪರೀಕ್ಷೆಯ ಹಿಂದಿನ ದಿನ ಇಬ್ಬರು ಪರೀಕ್ಷಕರನ್ನೂ ನಲವತ್ತು ನಿಮಿಷ ಕೂರಿಸಿದೆವು. ಮೂರು ವೀಡಿಯೊ: ಒಬ್ಬರು ಒಪ್ಪಿಸುವವರು, ಒಬ್ಬರು ತಡವರಿಸಿದರೂ ಕಲಿಸುವವರು, ಒಬ್ಬರು ನಡುವಿನವರು. ಪ್ರತಿ ವೀಡಿಯೊ ಆದ ಮೇಲೆ ಬೇರೆ ಬಂದ ಅಂಕಗಳ ಬಗ್ಗೆ ಮಾತ್ರ ಮಾತು. ಒಪ್ಪಿಸುವವರ ವೀಡಿಯೊಗೆ ಒಬ್ಬರು 9, ಒಬ್ಬರು 8 ಕೊಟ್ಟಾಗ ನನಗೆ ಎಷ್ಟೋ ಸಮಾಧಾನ ಆಯಿತು.

ಉಳಿದ ತೊಡಕು

ಪರೀಕ್ಷೆಯಲ್ಲಿ ಎರಡು ಸುತ್ತುಗಳ ಸರಾಸರಿ 13.9 ಮತ್ತು 13.5. ಈ ಸಲ ಅಂಶ ಅಂಶವಾಗಿ ನೋಡಿದಾಗ ತಲೆಕೆಳಗಾದದ್ದು ಯಾವುದೂ ಸಿಗಲಿಲ್ಲ. ಆದರೆ ರೋಗಿಯ ಚಿಂತೆ ಕೇಳುವ 11ನೇ ಅಂಶದಲ್ಲಿ ಎರಡು ಸುತ್ತುಗಳ ನಡುವೆ ಇನ್ನೂ ಅಂತರ ಇದೆ. ನಮ್ಮ ರೋಗಿಗೆ ಒಂದು ಮಾತು ಕೊಟ್ಟಿದ್ದೆವು: "ಸ್ಟೀರಾಯ್ಡ್ ಅಂತಾರಲ್ಲ, ಅಭ್ಯಾಸ ಆಗ್ಬಿಡಲ್ವಾ?" ವಿದ್ಯಾರ್ಥಿ ಕೇಳಿದರೆ ಮಾತ್ರ ಹೇಳಬೇಕು. "ಏನಾದ್ರೂ ಡೌಟ್ ಇದೆಯಾ?" ಅಂತ ಎದ್ದು ಹೊರಡುತ್ತಾ ಕೇಳಿದರೂ ಕೇಳಿದಂತೆಯೇ? ಒಬ್ಬ ಪರೀಕ್ಷಕರು ಹೌದು ಅಂದುಕೊಂಡರು, ಇನ್ನೊಬ್ಬರು ಇಲ್ಲ ಅಂದುಕೊಂಡರು. ನಾವು ಅದಕ್ಕೆ ಗೆರೆ ಎಳೆದಿರಲಿಲ್ಲ.

ಮುಂದಿನ ಸಲಕ್ಕೆ ಆ ಅಂಶ ಒಡೆದಿದ್ದೇವೆ. ರೋಗಿ ಆ ಮಾತು ಹೇಳುವ ಹಾಗೆ ಮಾಡಿದರೆ 1. ಉಸಿರಿನ ಜೊತೆ ಎಳೆಯುವ ಔಷಧಿಯ ಪ್ರಮಾಣ ಸಣ್ಣದು, ಅದು ಚಟವಾಗುವುದಿಲ್ಲ, ನೀವಾಗಿ ನಿಲ್ಲಿಸಬೇಡಿ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರೆ ಇನ್ನೊಂದು 1. ಕುಳಿತು ಕೇಳಿದರೋ ಹೊರಡುತ್ತಾ ಕೇಳಿದರೋ ಅನ್ನುವುದು ಒಟ್ಟಾರೆ ಶ್ರೇಣಿಗೆ ಬಿಟ್ಟ ವಿಷಯ. ಆ ವಿದ್ಯಾರ್ಥಿನಿ ಈಗ ಇಂಟರ್ನ್. ಹೊಸ ಹಾಳೆಯ ಪ್ರಯೋಗಕ್ಕೆ ಅವಳನ್ನೇ ಕರೆದಿದ್ದೇವೆ.